ರೊಕ್ಕದ ಊರು ಯಾವುದು?

ನಮ್ಮ ಮನೆಯ ಮೊದಲ ಮಹಡಿಗೆ ಸ್ಲ್ಯಾಬ್ ಹಾಕುವ ದಿನ ಗೊತ್ತಾದಾಗ ಗೌಂಡಿ ಕೇಳಿದ್ದು ಒಂದೇ ಮಾತು: “ಮಾಸ್ತರ್ರ, ರೊಕ್ಕ ತಯಾರ ಐತೋ ಇಲ್ಲೋ?” ಮೂರು ವರ್ಷಗಳಿಂದ ದುಬೈಯಲ್ಲಿ ನೌಕರಿ ಮಾಡುತ್ತಿರುವ ಮಗನೊಬ್ಬನಿರುವಾಗ ಇಂಥ ಪ್ರಶ್ನೆಗೆ ಉತ್ತರ ಹೇಳುವುದೂ ಅವಮಾನವೆಂದು ಭಾವಿಸಿ, ನಾನು ಗತ್ತಿನಿಂದ ತಲೆಯಾಡಿಸಿದೆ. ಆ ಗತ್ತಿನ ಬಲದ ಮೇಲೆಯೇ ಸೆಂಟ್ರಿಂಗ್ ಪ್ಲೇಟುಗಳು ದಿನದ ಬಾಡಿಗೆಯ ಲೆಕ್ಕದಲ್ಲಿ ಬಂದು ಅಂಗಳದಲ್ಲಿ ಕುಳಿತವು.

ಮಗ ಹಣವನ್ನು ನನ್ನ ಖಾತೆಗೇ ಕಳಿಸುತ್ತೇನೆಂದು ಹೇಳಿದ್ದ. ಬೇಡವೆಂದವನು ನಾನು. ನನ್ನದು ಪಿಂಚಣಿ ಬರುವ ಖಾತೆ. ಅದರಲ್ಲಿ ಒಮ್ಮೆಲೇ ಎರಡು ಲಕ್ಷ ಕಾಣಿಸಿಕೊಂಡರೆ ಆದಾಯ ತೆರಿಗೆಯವರು ಜೀಪು ಕಟ್ಟಿಕೊಂಡು ಸೊಲ್ಲಾಪುರ ರಸ್ತೆಯಲ್ಲಿ ನಮ್ಮ ಮನೆ ಹುಡುಕುತ್ತಾ ಬರುತ್ತಾರೆಂಬ ಭಯ ನನಗೆ ಮೊದಲಿನಿಂದಲೂ ಇದೆ. ಆದ್ದರಿಂದ, “ನಿನ್ನ ಹೆಸರಿನಲ್ಲೇ ಹಳೆಯ ಉಳಿತಾಯ ಖಾತೆ ಇದೆ, ಅದರ ಎಟಿಎಂ ಕಾರ್ಡು ನನ್ನ ಪೆಟ್ಟಿಗೆಯಲ್ಲಿದೆ, ಅದಕ್ಕೇ ಕಳಿಸು, ನಿನ್ನ ರೊಕ್ಕ ನಿನ್ನ ಖಾತೆಗೆ ಬಂದರೆ ಕೇಳುವವರು ಯಾರು?” ಎಂದು ಮೂವತ್ತು ವರ್ಷ ಗಣಿತ ಕಲಿಸಿದ ಬುದ್ಧಿಯನ್ನೆಲ್ಲ ಖರ್ಚು ಮಾಡಿ ಸಲಹೆ ಕೊಟ್ಟೆ.

ಮಗ ಅಲ್ಲಿಯ ಹಣ ವಿನಿಮಯ ಸಂಸ್ಥೆಯೊಂದರಲ್ಲಿ ಹತ್ತು ಸಾವಿರ ದಿರ್ಹಮ್ ಕಟ್ಟಿದ. ಅಂದಿನ ದರ ದಿರ್ಹಮಿಗೆ 22.70 ರೂಪಾಯಿ, ಒಟ್ಟು 2,27,000 ರೂಪಾಯಿ. “ಪಾವತಿಯಾಗಿದೆ” ಎಂಬ ರಸೀದಿಯ ಚಿತ್ರವೂ ಮೊಬೈಲಿಗೆ ಬಂತು. ನಾನು ಎಟಿಎಂ ಮುಂದೆ ಮೂರು ದಿನ ಹಾಜರಿ ಹಾಕಿದೆ. ಯಂತ್ರವು ಮೂರು ದಿನವೂ ಹಳೆಯ 5,600 ರೂಪಾಯಿಯನ್ನೇ ತೋರಿಸಿತು.

ನಾಲ್ಕನೆಯ ದಿನ ಶಾಖೆಗೆ ಹೋದಾಗ, ಅಲ್ಲಿಯ ಅಧಿಕಾರಿಣಿ ಗಣಕಯಂತ್ರದಲ್ಲಿ ಬಹಳ ಹೊತ್ತು ಹುಡುಕಿ, ಹಣ ಮುಂಬೈಯವರೆಗೆ ಬಂದು ಅಲ್ಲಿ ನಿಂತಿದೆ ಎಂದರು. ವಿನಿಮಯ ಸಂಸ್ಥೆಯು ನಮ್ಮ ಬ್ಯಾಂಕಿನ ಮುಂಬೈ ಕಚೇರಿಯಲ್ಲೇ ರೂಪಾಯಿ ಖಾತೆಯನ್ನು ಇಟ್ಟುಕೊಂಡಿರುವುದರಿಂದ, ವಿದೇಶದಿಂದ ಬರುವ ಪ್ರತಿಯೊಂದು ಮೊತ್ತವನ್ನೂ ಅಲ್ಲಿಯ ಹಣ ರವಾನೆ ವಿಭಾಗ ಒಮ್ಮೆ ನೋಡುತ್ತದೆಯಂತೆ. ಕಳಿಸಿದವರ ಹೆಸರೂ ಪಡೆಯುವವರ ಹೆಸರೂ ಒಂದೇ ಆಗಿದ್ದು, ಖಾತೆ ಮಾತ್ರ ಭಾರತದಲ್ಲಿ ವಾಸಿಸುವವರ ಸಾಮಾನ್ಯ ಉಳಿತಾಯ ಖಾತೆಯಾಗಿದ್ದದ್ದನ್ನು ಕಂಡು, “ಈ ಮನುಷ್ಯ ದುಬೈಯಲ್ಲಿದ್ದಾನೋ, ವಿಜಯಪುರದಲ್ಲಿದ್ದಾನೋ?” ಎಂಬ ಸಂಶಯ ಅವರಿಗೆ ಬಂದಿತ್ತು. ಅದು ಬಗೆಹರಿಯುವವರೆಗೆ ಹಣವನ್ನು ಯಾರದ್ದೂ ಅಲ್ಲದ ಒಂದು ತಾತ್ಕಾಲಿಕ ಲೆಕ್ಕದಲ್ಲಿ ಕೂಡಿಸಿದ್ದರು.

“ಅವನು ಪ್ರತಿ ವರ್ಷ ಸಿದ್ಧೇಶ್ವರ ಜಾತ್ರೆಗೆ ತಪ್ಪದೆ ಬರುತ್ತಾನೆ, ಮತದಾರರ ಪಟ್ಟಿಯಲ್ಲೂ ಅವನ ಹೆಸರಿದೆ,” ಎಂದೆ. ಅಧಿಕಾರಿಣಿ ತಾಳ್ಮೆಯಿಂದ ತಿಳಿಸಿದರು: ವಿದೇಶಿ ವಿನಿಮಯದ ಕಾನೂನು, ಅವರ ಬಾಯಲ್ಲಿ ಫೆಮಾ, ಜಾತ್ರೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ನೌಕರಿಗೆಂದು ದೇಶ ಬಿಟ್ಟು ಹೋದವನು ಹೋದ ದಿನದಿಂದಲೇ ಅನಿವಾಸಿ. ರಜೆಗೆ ಎಷ್ಟು ಸಲ ಬಂದು ಹೋದರೂ ಅದು ಬದಲಾಗದು. ಹೋಗುವಾಗಲೇ ಬ್ಯಾಂಕಿಗೆ ತಿಳಿಸಿ ಹಳೆಯ ಉಳಿತಾಯ ಖಾತೆಯನ್ನು, ಅನಿವಾಸಿಗಳು ಊರಿನ ರೊಕ್ಕಕ್ಕೆಂದು ಇಟ್ಟುಕೊಳ್ಳುವ ಎನ್‌ಆರ್‌ಒ ಖಾತೆಯಾಗಿ ಬದಲಿಸಿಕೊಳ್ಳಬೇಕಾಗಿತ್ತು. ಮೂರು ವರ್ಷ ಯಾರೂ ತಿಳಿಸಿರಲಿಲ್ಲ. ಯಾರೂ ಅಂದರೆ ನಾವು.

ಒಂದು ವಿವರಣಾ ಪತ್ರ ಮತ್ತು ದಾಖಲೆಗಳನ್ನು ಕೊಡಲು ಹೇಳಿದರು. ದಾಖಲೆಯೆಂದರೆ ಮಗನ ಪಾಸ್‌ಪೋರ್ಟ್ ಮತ್ತು ವೀಸಾದ ಪ್ರತಿಗಳು ಎಂದು ಅವರು ಹೇಳಿದ್ದು ನನ್ನ ಕಿವಿಗೆ ಬಿದ್ದಿತ್ತು. ಆದರೆ “ಪತ್ರ” ಎಂಬ ಶಬ್ದ ಕೇಳಿದೊಡನೆ ನನ್ನೊಳಗಿನ ಮಾಸ್ತರನು ಎದ್ದು ಕುಳಿತ ಕಾರಣ ಉಳಿದದ್ದು ಮರೆತುಹೋಯಿತು. ಆ ರಾತ್ರಿ ಫುಲ್‌ಸ್ಕೇಪ್ ಹಾಳೆಯ ಎರಡೂ ಮಗ್ಗುಲಿಗೆ ಬರೆದೆ: “ಸದರಿ ನನ್ನ ಮಗನು ಹುಟ್ಟಿನಿಂದಲೂ ವಿಜಯಪುರದ ಖಾಯಂ ನಿವಾಸಿಯಾಗಿದ್ದು, ಕಳೆದ ಮೂರು ವರ್ಷಗಳಿಂದ ದುಬೈಯಲ್ಲಿ ನೌಕರಿಯಲ್ಲಿರುತ್ತಾನೆಂದು ಈ ಮೂಲಕ ದೃಢೀಕರಿಸುತ್ತೇನೆ.” ಜೊತೆಗೆ ರೇಷನ್ ಕಾರ್ಡಿನ ಪ್ರತಿಯನ್ನೂ ಲಗತ್ತಿಸಿದೆ. ಒಂದೇ ವಾಕ್ಯದಲ್ಲಿ ಮಗನನ್ನು ನಿವಾಸಿಯನ್ನಾಗಿಯೂ ಅನಿವಾಸಿಯನ್ನಾಗಿಯೂ ಮಾಡಿದ ಆ ಪತ್ರ ಮುಂಬೈಗೆ ತಲುಪಿದ ಮೇಲೆ ಅವರಿಗೆ ಬೇರೆ ಸಾಕ್ಷಿಯೇ ಬೇಕಾಗಲಿಲ್ಲ. ಹಣ ಬಂದ ದಾರಿಗೆ ಸುಂಕವಿಲ್ಲದೆ ದುಬೈಗೆ ಹೊರಟಿತು.

ಸುಂಕವಿಲ್ಲದೆ ಎಂದದ್ದು ತಪ್ಪಾಯಿತು. ನಮ್ಮ ಗೋಲ ಗುಮ್ಮಟದಲ್ಲಿ ಕೂಗಿದರೆ ಕೂಗಿದಷ್ಟೂ ತಿರುಗಿ ಬರುತ್ತದೆ. ವಿನಿಮಯ ಸಂಸ್ಥೆಯ ಗುಮ್ಮಟ ಹಾಗಲ್ಲ. ಒಮ್ಮೆ ರೂಪಾಯಿಯಾಗಿದ್ದ ಹಣವನ್ನು ಅವರು ಆ ದಿನದ ಖರೀದಿ ದರದಲ್ಲಿ, ಅಂದರೆ ದಿರ್ಹಮಿಗೆ 22.95 ರೂಪಾಯಿ ಹಿಡಿದು, ಮತ್ತೆ ದಿರ್ಹಮ್ ಮಾಡಿದರು. ಹತ್ತು ಸಾವಿರವಾಗಿ ಹೋದದ್ದು 9,891 ಆಗಿ ಮಗನ ಕೈಸೇರಿತು. ಕಳಿಸುವಾಗ ತೆಗೆದುಕೊಂಡ ಶುಲ್ಕ ಬೇರೆ ಹೋಯಿತು. ಇತ್ತ ನಮ್ಮ ಅಂಗಳದಲ್ಲಿ ಸೆಂಟ್ರಿಂಗ್ ಪ್ಲೇಟುಗಳು ಬಿಸಿಲು ಕಾಯಿಸಿಕೊಳ್ಳುತ್ತಾ ಬಾಡಿಗೆ ಬೆಳೆಸುತ್ತಿದ್ದವು.

ಈ ಹಂತದಲ್ಲಿ ಮಗನಿಗೆ ಸ್ವಾಭಿಮಾನ ಕೆರಳಿತು. ಅವನೇ ಎಲ್ಲವನ್ನೂ ಓದಿಕೊಂಡು, ದೃಢೀಕರಿಸಿದ ದಾಖಲೆಗಳನ್ನು ಕಳಿಸಿ, ನಮ್ಮ ಶಾಖೆಯಲ್ಲಿ ಎನ್‌ಆರ್‌ಇ ಖಾತೆಯೊಂದನ್ನು ತೆರೆಸಿದ. ಇದು ವಿದೇಶದ ಗಳಿಕೆಗೆಂದೇ ಇರುವ ರೂಪಾಯಿ ಖಾತೆ. ಬಡ್ಡಿಗೆ ಇಲ್ಲಿ ತೆರಿಗೆಯಿಲ್ಲ, ಬೇಕೆಂದಾಗ ಹಣವನ್ನು ಮರಳಿ ಹೊರಗೆ ಒಯ್ಯಲು ತಡೆಯೂ ಇಲ್ಲ. ಅಷ್ಟು ಸವಲತ್ತು ಇರುವ ಕಾರಣಕ್ಕೇ ಅದರ ಬಾಗಿಲಲ್ಲಿ ಕಾವಲು ಬಿಗಿ. ಊರಿನ ರೊಕ್ಕ, ಅಂದರೆ ಇಲ್ಲಿಯೇ ಗಳಿಸಿದ ಅಥವಾ ಇಲ್ಲಿಯವರು ಯಾರೋ ಕಳಿಸಿದ ಸಾಮಾನ್ಯ ರೂಪಾಯಿ, ಅದರೊಳಗೆ ನುಸುಳಬಾರದು. ಅಂಥದ್ದಕ್ಕೆ ಎನ್‌ಆರ್‌ಒ ಖಾತೆಯೇ ಜಾಗ. ಒಟ್ಟಿನಲ್ಲಿ ಬೀಗರು ಹೆಣ್ಣು ನೋಡಲು ಬಂದಾಗ ಕೇಳುವಂತೆ, ಎನ್‌ಆರ್‌ಇ ಖಾತೆ ಪ್ರತಿ ರೂಪಾಯಿಯನ್ನೂ “ನಿಮ್ಮ ಮೂಲ ಊರು ಯಾವುದ್ರೀ?” ಎಂದು ಕೇಳಿಯೇ ಒಳಗೆ ಬಿಡುತ್ತದೆ.

ಮೊದಲ ವಿನಿಮಯ ಸಂಸ್ಥೆಯ ಮೇಲೆ ಮುನಿಸಿಕೊಂಡಿದ್ದ ಮಗ ಈ ಸಲ ಬೇರೊಂದರ ಮೊಬೈಲ್ ಆ್ಯಪಿನಿಂದ, ಕಡಿಮೆಯಾದ 109 ದಿರ್ಹಮನ್ನು ತನ್ನ ಜೇಬಿನಿಂದ ತುಂಬಿ, ಹಣ ಕಳಿಸಿದ. ಆ ಸಂಸ್ಥೆಯ ರೂಪಾಯಿ ಖಾತೆ ಇದ್ದದ್ದು ಇನ್ನೊಂದು ಬ್ಯಾಂಕಿನಲ್ಲಿ. ಆದ್ದರಿಂದ ಹಣ ಮುಂಬೈಯಿಂದ ನಮ್ಮ ಶಾಖೆಗೆ ನೆಫ್ಟ್ ಮೂಲಕ ಬರಬೇಕಾಗಿತ್ತು. ಬೆಳಿಗ್ಗೆ ಬಂತು. ಮಧ್ಯಾಹ್ನದ ರೊಟ್ಟಿ ಊಟ ಮುಗಿಯುವಷ್ಟರಲ್ಲಿ ಹೋಯಿತು. ಖಾತೆಗೆ ಜಮಾ ಮಾಡಲಾಗದ ನೆಫ್ಟ್ ಹಣವನ್ನು ಎರಡು ಗಂಟೆಯೊಳಗೆ ಹಿಂದಿರುಗಿಸಬೇಕೆಂಬ ನಿಯಮವಿದೆ, ಮತ್ತು ಅದನ್ನು ನಮ್ಮ ಬ್ಯಾಂಕು ನನ್ನ ವಿಷಯದಲ್ಲಿ ಚಾಚೂ ತಪ್ಪದೆ ಪಾಲಿಸಿತು.

ನಾನು ಮತ್ತೆ ಅಧಿಕಾರಿಣಿಯ ಮುಂದೆ ಕುಳಿತೆ. ಅವರು ಮಗನ ಹೊಸ ರಸೀದಿಯನ್ನು ಹಿಗ್ಗಿಸಿ ಒಂದು ಸಾಲಿನ ಮೇಲೆ ಬೆರಳಿಟ್ಟರು: ಖಾತೆಯ ಬಗೆ, ಸೇವಿಂಗ್ಸ್. ನೆಫ್ಟ್ ಸಂದೇಶದಲ್ಲಿ ಖಾತೆಯ ಪ್ರತಿಯೊಂದು ಬಗೆಗೂ ಎರಡಂಕಿಯ ಸಂಖ್ಯೆ ಇದೆ. ಉಳಿತಾಯಕ್ಕೆ 10, ಚಾಲ್ತಿಗೆ 11, ಎನ್‌ಆರ್‌ಇಗೆ 40. ಮಗ ಸೇವಿಂಗ್ಸ್ ಒತ್ತಿದ್ದರಿಂದ ಸಂದೇಶ 10 ಎಂದು ಹೊರಟಿತ್ತು. ಖಾತೆ ಸಂಖ್ಯೆ ಸರಿ, ಹೆಸರು ಸರಿ, ಐಎಫ್‌ಎಸ್‌ಸಿ ಸರಿ. ಆದರೆ ಬರುತ್ತಿರುವುದು ದುಬೈಯ ದುಡಿಮೆ ಎಂದು ಹೇಳುವ ಗುರುತು ಮಾತ್ರ ಎಲ್ಲಿಯೂ ಇರಲಿಲ್ಲ. ಕಡಲು ದಾಟಿ ಬಂದ ರೊಕ್ಕ ಮುಂಬೈಯಲ್ಲಿ ಪಾಸ್‌ಪೋರ್ಟ್ ಕಳೆದುಕೊಂಡು, ದಾದರಿನಿಂದ ಬಂದ ಯಾವುದೋ ಸಾಮಾನ್ಯ ರೊಕ್ಕದಂತೆ ಎನ್‌ಆರ್‌ಇ ಬಾಗಿಲು ತಟ್ಟಿತ್ತು.

“ಎನ್‌ಆರ್‌ಇ ಖಾತೆಯೂ ಸೇವಿಂಗ್ಸ್ ಖಾತೆಯೇ ಅಲ್ಲವೇನಪ್ಪಾ, ಪಾಸ್‌ಬುಕ್ಕಿನ ಮೇಲೆಯೇ ಹಾಗಂತ ಬರೆದಾರ,” ಎಂದು ಮಗ ಫೋನಿನಲ್ಲಿ ವಾದಿಸಿದ. ತರ್ಕ ನಿರ್ದುಷ್ಟವಾಗಿತ್ತು, ನನ್ನ ಶಿಷ್ಯನಾಗಿದ್ದರೆ ಪೂರ್ಣ ಅಂಕ ಕೊಡುತ್ತಿದ್ದೆ. ಆ್ಯಪಿನ ಪಟ್ಟಿಯಲ್ಲಿ ಇನ್ನೂ ನಾಲ್ಕು ಸಾಲು ಕೆಳಗೆ ಸರಿದಿದ್ದರೆ ಎನ್‌ಆರ್‌ಇ ಎಂಬುದು ಪ್ರತ್ಯೇಕವಾಗಿಯೇ ಇತ್ತೆಂಬುದನ್ನು ಅವನು ಆಮೇಲೆ ನೋಡಿದ. ಈ ಸಲ ಎಷ್ಟು ದಿರ್ಹಮ್ ಕಡಿಮೆಯಾಗಿ ತಿರುಗಿ ಬಂತೆಂದು ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಗೌಂಡಿ ಅಷ್ಟರಲ್ಲಿ ಅಂಗಳಕ್ಕೆ ಬಂದು ನಿಲ್ಲುವುದನ್ನು ಬಿಟ್ಟು ಕಟ್ಟೆಯ ಮೇಲೆ ಕೂಡ್ರಲಾರಂಭಿಸಿದ್ದ. ನನ್ನ ಮುಖ ನೋಡಿ ಅಧಿಕಾರಿಣಿಗೂ ಕನಿಕರ ಬಂದಿರಬೇಕು. “ಸರ್, ಮನೆ ಯಾರ ಹೆಸರಿನಲ್ಲಿದೆ?” ಎಂದರು. ನನ್ನದೇ ಎಂದೆ. “ಹಾಗಿದ್ದರೆ ರೊಕ್ಕವನ್ನು ನಿಮ್ಮ ಖಾತೆಗೇ ತರಿಸಬಹುದಾಗಿತ್ತಲ್ರೀ? ನೀವು ನಿವಾಸಿ, ನಿಮ್ಮದು ನಿವಾಸಿಯ ಖಾತೆ. ಮಗ ತಂದೆಗೆ ಮನೆತನದ ಖರ್ಚಿಗೆ ಕಳಿಸಿದರೆ ಯಾರ ಅಭ್ಯಂತರವೂ ಇಲ್ಲ.” ನಾನು ದನಿ ತಗ್ಗಿಸಿ ಜೀಪಿನ ವಿಷಯ ತಿಳಿಸಿದೆ. ಅವರು ನಗು ತಡೆದುಕೊಳ್ಳುವ ಪ್ರಯತ್ನ ಮಾಡಿದ್ದು ಸ್ಪಷ್ಟವಾಗಿ ಕಾಣುತ್ತಿತ್ತು. ಮಗ ತಂದೆಗೆ ಕೊಟ್ಟ ಹಣ ತಂದೆಯ ಆದಾಯವೆಂದು ಎಣಿಕೆಯಾಗುವುದಿಲ್ಲ, ಎಷ್ಟೇ ಕೊಟ್ಟರೂ ಅದಕ್ಕೆ ನಾನು ತೆರಿಗೆ ಕಟ್ಟಬೇಕಿಲ್ಲ. ಅದನ್ನು ಬ್ಯಾಂಕಿನಲ್ಲಿಟ್ಟು ಬಡ್ಡಿ ಬಂದರೆ ಆ ಬಡ್ಡಿಯಷ್ಟೇ ನನ್ನ ಆದಾಯ ಎಂದರು. ಸ್ಲ್ಯಾಬಿಗೆ ಸುರಿಯುವ ಹಣಕ್ಕೆ ಬಡ್ಡಿಯೆಲ್ಲಿಯದು!

ಮೂರನೆಯ ಸಲ ಕಳಿಸಿದವನು ಮಗ, ಪಡೆಯುವವನು ನಾನು, ಖಾತೆ ಸೇವಿಂಗ್ಸ್, ಉದ್ದೇಶ ಕುಟುಂಬ ನಿರ್ವಹಣೆ. ಅದೇ ಮಧ್ಯಾಹ್ನ ಹಣ ಜಮಾ ಆಯಿತು. ಮಗ ಮೊಟ್ಟಮೊದಲು ಹೇಳಿದ್ದ ದಾರಿಯೂ ಇದೇ ಆಗಿತ್ತೆಂಬುದನ್ನು ನಮ್ಮ ಮನೆಯವರು ಅಂದು ಸಂಜೆ ಎರಡು ಸಲ, ಸ್ಲ್ಯಾಬ್ ಹಾಕಿದ ದಿನ ಬೀಗರ ಎದುರಿಗೆ ಒಮ್ಮೆ ನೆನಪಿಸಿದರು.

ಮಗನ ಹಳೆಯ ಖಾತೆಯನ್ನು ಕ್ರಮದಂತೆ ಎನ್‌ಆರ್‌ಒ ಮಾಡಿಸಿದೆವು. ಮಗನ ಕಾರ್ಡನ್ನು ನಾನು ಬಳಸುವುದೇ ತಪ್ಪೆಂದು ಅಧಿಕಾರಿಣಿ ಹೇಳಿದ್ದರಿಂದ ಅದನ್ನೂ ಪೆಟ್ಟಿಗೆಯಿಂದ ತೆಗೆದು ಒಪ್ಪಿಸಿ ಬಂದೆ. ಎಲ್ಲವೂ ತಣ್ಣಗಾಯಿತೆಂದುಕೊಂಡಿದ್ದೆ. ನಿನ್ನೆ ಮಗ ದುಬೈಯಿಂದ ಫೋನ್ ಮಾಡಿದ: ಎನ್‌ಆರ್‌ಒ ಖಾತೆಗೆ 38 ರೂಪಾಯಿ ಬಡ್ಡಿ ಬಂದಿದ್ದು, ಅದರಲ್ಲಿ ಯಾರೋ 12 ರೂಪಾಯಿ ಮುರಿದುಕೊಂಡಿದ್ದಾರಂತೆ. ಅನಿವಾಸಿಯ ಇಂಥ ಬಡ್ಡಿಯಲ್ಲಿ ನೂರಕ್ಕೆ 30 ತೆರಿಗೆಯನ್ನೂ ಅದರ ಮೇಲೆ ಸೆಸ್ಸನ್ನೂ ಮೂಲದಲ್ಲೇ ಕಡಿತ ಮಾಡುತ್ತಾರೆಂದು ನನಗೆ ಈಗ ಗೊತ್ತಿದೆ. ಆದರೂ ಶಾಖಾ ವ್ಯವಸ್ಥಾಪಕರಿಗೆ ಈ ಕುರಿತು ಸವಿಸ್ತಾರವಾದ ಪತ್ರವೊಂದನ್ನು ಬರೆಯೋಣವೆಂದು ಫುಲ್‌ಸ್ಕೇಪ್ ಹಾಳೆ ತೆಗೆದರೆ, ಮನೆಯಲ್ಲಿ ಒಂದು ಪೆನ್ನೂ ಸಿಗುತ್ತಿಲ್ಲ. ನಮ್ಮ ಮನೆಯವರನ್ನು ಕೇಳಿದರೆ, ಗೌಂಡಿ ಒಯ್ದಿರಬೇಕು ಎನ್ನುತ್ತಾರೆ.