ಬಡ್ಡಿಗೆ ಮೂರು ಪಟ್ಟು ಲಾಭ ಇದೆ ಸರಿ, ದುಡ್ಡು ಎಲ್ಲಿದೆ?

ಷೇರಿನ ಬಗ್ಗೆ ಮಾತಾಡುವ ಗ್ರೂಪುಗಳಲ್ಲಿ ಒಂದು ಮಾತು ಪದೇ ಪದೇ ಕಣ್ಣಿಗೆ ಬೀಳುತ್ತದೆ. "ಸಾಲ ಜಾಸ್ತಿ ಇದೆ ನಿಜ. ಆದ್ರೆ ಇಂಟರೆಸ್ಟ್ ಕವರೇಜ್ 3 ಇದೆಯಲ್ಲ, ತಲೆ ಕೆಡಿಸ್ಕೋಬೇಡಿ." ನನಗೆ ತಲೆ ಕೆಡಲು ಶುರುವಾಗುವುದೇ ಆಗ. ಆ 3 ಎಲ್ಲಿಂದ ಬಂತು ಅಂತ ಯಾರೂ ಕೇಳುವುದಿಲ್ಲ.

ಲೆಕ್ಕ ಸುಲಭ. ಬಡ್ಡಿ ಮತ್ತು ತೆರಿಗೆ ಕಳೆಯುವ ಮೊದಲಿನ ಲಾಭವನ್ನು ಬಡ್ಡಿಯಿಂದ ಭಾಗಿಸಿ. 3 ಬಂದರೆ ಬಡ್ಡಿಯ ಮೂರು ಪಟ್ಟು ಲಾಭ ಇದೆ ಅಂತ ಅರ್ಥ. 1ಕ್ಕಿಂತ ಕೆಳಗೆ ಬಂದರೆ ವ್ಯವಹಾರದ ಲಾಭ ಬಡ್ಡಿಗೂ ಸಾಲದು. ಇಷ್ಟು ಎಲ್ಲರಿಗೂ ಗೊತ್ತು. ತಕರಾರು ಇರುವುದು "ಲಾಭ" ಅನ್ನುವುದರಲ್ಲಿ. ಸರಕು ಕಳಿಸಿ ಬಿಲ್ ಹಾಕಿದ ದಿನವೇ ಅದು ಪುಸ್ತಕದಲ್ಲಿ ಲಾಭವಾಗುತ್ತದೆ. ಬ್ಯಾಂಕಿಗೆ ಬಡ್ಡಿ ಕಟ್ಟಲು ಮಾತ್ರ ಖಾತೆಯಲ್ಲಿ ದುಡ್ಡು ಇರಬೇಕು. ಕಿರಾಣಿ ಅಂಗಡಿಯವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಉದ್ರಿ ಪುಸ್ತಕ ತುಂಬಿದ್ದರೂ ಗಲ್ಲಾ ಖಾಲಿ ಇರಬಹುದು.

ಒಂದು ಉದಾಹರಣೆ ಹಿಡಿದು ನೋಡೋಣ. ಕಂಪನಿ ಕಾಲ್ಪನಿಕ, ಆದರೆ ಈ ಥರದ್ದು ಬೇಕಾದಷ್ಟು ಸಿಗುತ್ತವೆ. ಟ್ರಾನ್ಸ್‌ಫಾರ್ಮರ್ ತಯಾರಿಸಿ ಸರ್ಕಾರಿ ವಿದ್ಯುತ್ ಕಂಪನಿಗಳಿಗೆ ಮಾರುತ್ತದೆ. ಹಿಂದಿನ ವರ್ಷ ಮಾರಾಟ 480 ಕೋಟಿ, ಈ ವರ್ಷ 600 ಕೋಟಿ. ಸವಕಳಿ ಕಳೆದ ಮೇಲೆ, ಬಡ್ಡಿ ಮತ್ತು ತೆರಿಗೆಗೆ ಮೊದಲು, ಲಾಭ 60 ಕೋಟಿ. ಲಾಭ-ನಷ್ಟದ ಪಟ್ಟಿಯಲ್ಲಿ ಬಡ್ಡಿ 20 ಕೋಟಿ. ಕವರೇಜ್ ಬರೋಬ್ಬರಿ 3. ಮಾರಾಟವೂ ಏರಿದೆ. ಗ್ರೂಪಿನಲ್ಲಿ ಚಪ್ಪಾಳೆ.

ಈಗ ಕ್ಯಾಶ್ ಫ್ಲೋ ಪುಟ ತೆಗೆಯಿರಿ. ಅಲ್ಲಿ 18 ಕೋಟಿ ಸವಕಳಿಯನ್ನು ವಾಪಸ್ ಸೇರಿಸಿರುತ್ತಾರೆ, ಯಾಕೆಂದರೆ ಅದು ಕೈಯಿಂದ ಹೋದ ದುಡ್ಡಲ್ಲ. ಹಾಗಾಗಿ 78 ಕೋಟಿಯಿಂದ ಲೆಕ್ಕ ಶುರು. ಅದರ ಕೆಳಗೆ ಗಿರಾಕಿಗಳಿಂದ ಬರಬೇಕಾದ ಬಾಕಿ 120 ಕೋಟಿಯಿಂದ 170 ಕೋಟಿಗೆ ಏರಿದೆ. 50 ಕೋಟಿ ಅಲ್ಲೇ ಸಿಕ್ಕಿಕೊಂಡಿತು. ದಾಸ್ತಾನು 12 ಕೋಟಿ ಹೆಚ್ಚಾಗಿದೆ. ತಾನು ಇತರರಿಗೆ ಕೊಡಬೇಕಾದ್ದನ್ನು ತಡ ಮಾಡಿ 6 ಕೋಟಿ ಉಳಿಸಿಕೊಂಡಿದೆ. ಎಲ್ಲ ಕೂಡಿ ಕಳೆದರೆ ವ್ಯವಹಾರದಿಂದ ಕೈಗೆ ಬಂದದ್ದು 22 ಕೋಟಿ ಮಾತ್ರ.

ಆ 50 ಕೋಟಿಯನ್ನು ಸ್ವಲ್ಪ ಬಿಡಿಸಿ ನೋಡಬೇಕು. ಮಾರಾಟ ಕಾಲು ಭಾಗ ಏರಿದೆ, ಬಾಕಿಯೂ ಅಷ್ಟೇ ಏರಿದ್ದರೆ 150 ಕೋಟಿ ಆಗುತ್ತಿತ್ತು. ಅಂದರೆ 30 ಕೋಟಿ ಬೆಳವಣಿಗೆಯ ಖರ್ಚು, ಅದು ಸಹಜ. ಉಳಿದ 20 ಕೋಟಿ ಗಿರಾಕಿಗಳು ತಡ ಮಾಡಿದ್ದಕ್ಕೆ. ಮೊದಲು 91 ದಿನಕ್ಕೆ ಬರುತ್ತಿದ್ದ ದುಡ್ಡು ಈಗ 103 ದಿನಕ್ಕೆ ಬರುತ್ತಿದೆ. 12 ದಿನ ತಡ ಅಂದರೆ ಏನೂ ಅಲ್ಲ ಅನ್ನಿಸುತ್ತೆ, ಅಲ್ವಾ? ಇಡೀ ವರ್ಷದ ಬಡ್ಡಿಯಷ್ಟು ದುಡ್ಡು ಅದರಲ್ಲೇ ಹೋಯಿತು.

ಇನ್ನು ಬಡ್ಡಿ. ಲಾಭ-ನಷ್ಟದ ಪಟ್ಟಿಯಲ್ಲಿ 20 ಕೋಟಿ ಇದೆ. ಕ್ಯಾಶ್ ಫ್ಲೋದ ಕೆಳಭಾಗದಲ್ಲಿ ಕಟ್ಟಿದ ಬಡ್ಡಿ 26 ಕೋಟಿ ಅಂತಿದೆ. ಈ 6 ಕೋಟಿ ವ್ಯತ್ಯಾಸ ಮೋಸವಲ್ಲ. ಕಂಪನಿ ಹೊಸ ಘಟಕ ಕಟ್ಟುತ್ತಿದೆ. ಅದು ತಯಾರಾಗುವ ತನಕ ಅದರ ಸಾಲದ ಬಡ್ಡಿಯನ್ನು ಖರ್ಚಿಗೆ ಹಾಕದೆ ಆಸ್ತಿಯ ಬೆಲೆಗೆ ಸೇರಿಸಬೇಕು ಅಂತ ಲೆಕ್ಕಪತ್ರದ ನಿಯಮವೇ ಹೇಳುತ್ತದೆ, ಇಂಡ್ ಎಎಸ್ 23. ಆದರೆ ಬ್ಯಾಂಕಿನವರು ಆ 6 ಕೋಟಿಯನ್ನು ಬಿಡುವುದಿಲ್ಲವಲ್ಲ! ಫೈನಾನ್ಸ್ ಕಾಸ್ಟ್ ಟಿಪ್ಪಣಿಯಲ್ಲಿ ಇದರ ಸುಳಿವು ಇರುತ್ತದೆ. 26 ಹಿಡಿದರೆ ಕವರೇಜ್ 3 ಇದ್ದದ್ದು 2.3ಕ್ಕೆ ಇಳಿಯುತ್ತದೆ.

ಈಗ ಕ್ಯಾಶ್ ಕವರ್. ತೆರಿಗೆ ಕಟ್ಟುವ ಮೊದಲು ವ್ಯವಹಾರದಿಂದ ಬಂದ ನಗದು 22, ಕಟ್ಟಿದ ಬಡ್ಡಿ 26. ಭಾಗಿಸಿದರೆ 0.85. ಅದೇ ಕಂಪನಿ, ಅದೇ ವರ್ಷ. ಲಾಭದ ಲೆಕ್ಕದಲ್ಲಿ 3, ದುಡ್ಡಿನ ಲೆಕ್ಕದಲ್ಲಿ 1ಕ್ಕೂ ಕಮ್ಮಿ.

ಇಲ್ಲಿ ಒಂದು ಎಚ್ಚರಿಕೆ. ಬ್ಯಾಂಕು, ಫೈನಾನ್ಸ್ ಕಂಪನಿ ಬಿಟ್ಟರೆ ನಮ್ಮ ಕಂಪನಿಗಳು ಕಟ್ಟಿದ ಬಡ್ಡಿಯನ್ನು ಕ್ಯಾಶ್ ಫ್ಲೋದ ಫೈನಾನ್ಸಿಂಗ್ ಭಾಗದಲ್ಲಿ ತೋರಿಸುತ್ತವೆ. ಹಾಗಾಗಿ ವ್ಯವಹಾರದ ನಗದು ಅಂತ ಕಾಣುವುದು ಬಡ್ಡಿ ಕಳೆಯುವ ಮೊದಲಿನ ಸಂಖ್ಯೆ. ಅಮೆರಿಕದ ಕಂಪನಿಗಳ ಪದ್ಧತಿ ಬೇರೆ, ಅಲ್ಲಿ ಬಡ್ಡಿ ಕಳೆದ ಮೇಲಿನದ್ದು ಬರುತ್ತದೆ. ಅಲ್ಲಿಯ ಸೂತ್ರವನ್ನು ಯೂಟ್ಯೂಬ್ ನೋಡಿ ಕಲಿತು ಇಲ್ಲಿ ಮತ್ತೆ ಬಡ್ಡಿ ಸೇರಿಸಿದರೆ ಎರಡು ಸಲ ಎಣಿಸಿದ ಹಾಗಾಗುತ್ತದೆ. ಬ್ಯಾಂಕು, ಫೈನಾನ್ಸ್ ಕಂಪನಿಗಳಿಗಂತೂ ಈ ಅನುಪಾತವನ್ನೇ ಹಾಕಬೇಡಿ. ಅವರಿಗೆ ಬಡ್ಡಿಯೇ ಕಚ್ಚಾ ಮಾಲು.

ಬಡ್ಡಿಯ ಮಾತು ಮುಗಿಯಿತು, ಅಸಲು ಇನ್ನೂ ಬಾಕಿ ಇದೆ. ಈ ಕಂಪನಿಗೆ ವರ್ಷಕ್ಕೆ 24 ಕೋಟಿ ಅಸಲಿನ ಕಂತು. ಬಡ್ಡಿ ಸೇರಿ 50 ಕೋಟಿ. 22ರಲ್ಲಿ 10 ಕೋಟಿ ತೆರಿಗೆಗೆ ಹೋದರೆ ಕೈಯಲ್ಲಿ ಉಳಿಯುವುದು 12. ಹೊಸ ಘಟಕಕ್ಕೆ ಇನ್ನೂ 30 ಕೋಟಿ ಬೇಕು. ಒಟ್ಟು ಕೊರತೆ 68 ಕೋಟಿ. ಹಾಗಿದ್ದರೂ ಕಂತು ತಪ್ಪಿಲ್ಲ. ಹೇಗೆ? ಫೈನಾನ್ಸಿಂಗ್ ಭಾಗದಲ್ಲೇ ಉತ್ತರ ಇದೆ: ಹೊಸದಾಗಿ ಎತ್ತಿದ ಸಾಲ 65 ಕೋಟಿ, ಖಾತೆಯಲ್ಲಿದ್ದದ್ದರಲ್ಲಿ 3 ಕೋಟಿ ಖಾಲಿ. ಘಟಕಕ್ಕೆ ಸಾಲ ಮಾಡಿದರೆ ತಪ್ಪೇನಿಲ್ಲ. ಬಡ್ಡಿ, ಕಂತು ಕಟ್ಟುವುದಕ್ಕೂ 38 ಕೋಟಿ ಹೊರಗಿನಿಂದ ತಂದಿದ್ದಾರಲ್ಲ, ನನಗೆ ಭಯ ಆಗುವುದು ಅದಕ್ಕೆ. ಆ ಹೊಸ ಸಾಲ ವರ್ಷದೊಳಗೆ ತೀರಿಸಬೇಕಾದ ಅಲ್ಪಾವಧಿಯದ್ದಾಗಿದ್ದರೆ ಪರಿಸ್ಥಿತಿ ಇನ್ನೂ ಬಿಗಿ. ಬ್ಯಾಂಕು ಮಿತಿ ನವೀಕರಿಸುವುದಿಲ್ಲ ಅಂದ ದಿನ ಕಥೆ ಬೇರೆ.

ಹಾಗಂತ ಒಂದು ವರ್ಷದ 0.85 ನೋಡಿ ಓಡಿಹೋಗುವುದೂ ಬೇಡ. ದೊಡ್ಡ ಆರ್ಡರ್ ಮಾರ್ಚ್‌ನಲ್ಲಿ ಕಳಿಸಿದ್ದರೆ ದುಡ್ಡು ಜೂನ್‌ನಲ್ಲಿ ಬರುತ್ತದೆ. ನಮ್ಮ ಸಕ್ಕರೆ ಕಾರ್ಖಾನೆಗಳನ್ನೇ ನೋಡಿ. ಕಬ್ಬು ಅರೆದು ಮುಗಿಯುವ ಹೊತ್ತಿಗೆ ಗೋದಾಮು ತುಂಬಿರುತ್ತದೆ, ಮಾರ್ಚ್ 31ರ ಚಿತ್ರ ವರ್ಷದ ಚಿತ್ರವಲ್ಲ. ನಾನು ನಾಲ್ಕೈದು ವರ್ಷದ ನಗದು ಕೂಡಿಸಿ, ಅಷ್ಟೇ ವರ್ಷದ ಬಡ್ಡಿಯಿಂದ ಭಾಗಿಸುತ್ತೇನೆ. ಅದರಲ್ಲೂ 2ಕ್ಕಿಂತ ಕೆಳಗಿದ್ದರೆ ನನಗೆ ನೆಮ್ಮದಿ ಇಲ್ಲ. ಇದು ನಿಯಮವಲ್ಲ, ನನ್ನ ಹಟ. ಏರುಪೇರು ಜಾಸ್ತಿ ಇರುವ ಉಕ್ಕಿನಂಥ ಧಂದೆಗೆ ಇನ್ನೂ ಜಾಸ್ತಿ ಕೇಳುತ್ತೇನೆ. ಮತ್ತೊಂದು ಕಡೆ, ಕ್ಯಾಶ್ ಕವರ್ ಇದ್ದಕ್ಕಿದ್ದಂತೆ ಚೆನ್ನಾಗಿ ಕಂಡರೂ ಟಿಪ್ಪಣಿ ಓದಬೇಕು. ಬರಬೇಕಾದ ಬಿಲ್ಲುಗಳನ್ನು ಡಿಸ್ಕೌಂಟಿಂಗ್‌ಗೆ ಕೊಟ್ಟು ಮುಂಗಡ ದುಡ್ಡು ಎತ್ತಿದರೆ, ಅದು ವಸೂಲಾದ ಬಾಕಿಯ ವೇಷದಲ್ಲಿ ವ್ಯವಹಾರದ ನಗದಿನೊಳಗೆ ಸೇರಿರಬಹುದು.

"ಇಷ್ಟೆಲ್ಲಾ ಯಾಕೆ, ವಾರ್ಷಿಕ ವರದಿಯಲ್ಲೇ ಅನುಪಾತಗಳಿರುತ್ತವಲ್ಲ" ಅಂತ ಕೇಳಬಹುದು. ಇರುತ್ತವೆ. ಕಂಪನಿ ಕಾಯ್ದೆಯ 2021ರ ತಿದ್ದುಪಡಿಯ ಪ್ರಕಾರ ಕಂಪನಿಗಳು ಡೆಟ್ ಸರ್ವಿಸ್ ಕವರೇಜ್, ಅಂದರೆ ಬಡ್ಡಿ ಮತ್ತು ಅಸಲಿನ ಕಂತು ಎರಡನ್ನೂ ಕಟ್ಟುವ ಶಕ್ತಿಯ ಅನುಪಾತವನ್ನು ಟಿಪ್ಪಣಿಯಲ್ಲಿ ಕೊಡಲೇಬೇಕು, ಹಿಂದಿನ ವರ್ಷಕ್ಕಿಂತ ಶೇಕಡಾ 25ಕ್ಕೂ ಹೆಚ್ಚು ಬದಲಾದರೆ ಕಾರಣವನ್ನೂ ಬರೆಯಬೇಕು. ಆದರೆ ಅದರ ಮೇಲಿನ ಸಂಖ್ಯೆಯನ್ನು ಸಾಮಾನ್ಯವಾಗಿ ನಿವ್ವಳ ಲಾಭಕ್ಕೆ ಸವಕಳಿ, ಬಡ್ಡಿ ಸೇರಿಸಿ ಮಾಡುತ್ತಾರೆ. ನಮ್ಮ ಕಂಪನಿಯಲ್ಲಿ ಅದು 30, 18, 20 ಕೂಡಿ 68. ಅದನ್ನು 50ರಿಂದ ಭಾಗಿಸಿದರೆ 1.36, ನೋಡಲು ಪರವಾಗಿಲ್ಲ ಅನ್ನಿಸುತ್ತದೆ. ತೆರಿಗೆ ಕಟ್ಟಿ ಕೈಯಲ್ಲಿ ಉಳಿದ 12 ಕೋಟಿಯನ್ನೇ ಮೇಲೆ ಹಾಕಿದರೆ ಬರುವುದು 0.24. ಅನುಪಾತದ ಜೊತೆ ಸೂತ್ರವನ್ನೂ ಅಲ್ಲೇ ಬರೆದಿರುತ್ತಾರೆ, ಸಣ್ಣ ಅಕ್ಷರದಲ್ಲಿ.