ಗ್ರಾಚ್ಯುಟಿ ಬೇರೆ, ರಿಟ್ರೆಂಚ್‌ಮೆಂಟ್ ಪರಿಹಾರ ಬೇರೆ

"ಗ್ರಾಚ್ಯುಟಿ ಕೊಟ್ಟರೆ ಮುಗೀತು. ಅದೂ ವರ್ಷಕ್ಕೆ 15 ದಿನ, ರಿಟ್ರೆಂಚ್‌ಮೆಂಟ್ ಪರಿಹಾರವೂ 15 ದಿನ. ಎರಡೂ ಒಂದೇ ದುಡ್ಡು."

ಹೀಗೆ ಹೇಳುವವರಿದ್ದಾರೆ, ಆದರೆ ಇದು ತಪ್ಪು. ಎರಡಕ್ಕೂ ಅರ್ಹತೆ ಇದ್ದರೆ ಎರಡೂ ಸಿಗಬೇಕು. ಕಾರ್ಖಾನೆ ಕೆಲಸಗಾರರನ್ನು ರಿಟ್ರೆಂಚ್ ಮಾಡಿದಾಗ, ಅಂದರೆ ಶಿಕ್ಷೆಯಾಗಿ ಅಲ್ಲದೆ ಕೆಲಸದಿಂದ ತೆಗೆದಾಗ, ಕೊಡುವ ಪರಿಹಾರ 1947ರ ಕೈಗಾರಿಕಾ ವಿವಾದ ಕಾಯ್ದೆಯ 25ಎಫ್ ಕಲಮಿನಲ್ಲಿತ್ತು. 2020ರ ಕೈಗಾರಿಕಾ ಸಂಬಂಧ ಸಂಹಿತೆಯಲ್ಲೂ 15 ದಿನದ ಸರಾಸರಿ ವೇತನದ ಲೆಕ್ಕವೇ ಇದೆ. ಗ್ರಾಚ್ಯುಟಿಯ ನಿಯಮ ಬೇರೆಯೇ.

ಲೆಕ್ಕವೂ ಬೇರೆ. ರಿಟ್ರೆಂಚ್‌ಮೆಂಟ್ ಪರಿಹಾರಕ್ಕೆ ತಿಂಗಳ ಸಂಬಳದವರಿಗೆ ಹಿಂದಿನ ಮೂರು ಪೂರ್ತಿ ತಿಂಗಳ ವೇತನದ ಸರಾಸರಿ ಹಿಡಿಯುತ್ತಾರೆ. ಒಬ್ಬರಿಗೆ 23,500, 24,000, 24,500 ರೂಪಾಯಿ ಬಂದಿದೆ ಅಂದುಕೊಳ್ಳಿ. ಸರಾಸರಿ 24,000. 15 ದಿನಕ್ಕೆ ಅದರ ಅರ್ಧ, 12,000. ಇಲ್ಲಿ 26ರಿಂದ ಭಾಗಿಸುವಂತಿಲ್ಲ, ಅದು ಗ್ರಾಚ್ಯುಟಿಯ ಲೆಕ್ಕ.

ಸರ್ವಿಸ್ 8 ವರ್ಷ 7 ತಿಂಗಳಾದರೆ 9 ವರ್ಷ ಅಂತಲೇ ಹಿಡಿಯಬೇಕು, ಯಾಕೆಂದರೆ ಉಳಿದ ಭಾಗ 6 ತಿಂಗಳಿಗಿಂತ ಜಾಸ್ತಿ. ಒಟ್ಟು 1,08,000. ಎಚ್‌ಆರ್‌ನವರು ಸುಮ್ನೆ 8ರಿಂದ ಗುಣಿಸಿದರೆ 12,000 ಕೈತಪ್ಪುತ್ತದೆ! ಸೆಟಲ್‌ಮೆಂಟ್ ಹಾಳೆಯಲ್ಲಿ ಪರಿಹಾರ, ಗ್ರಾಚ್ಯುಟಿ, ನೋಟಿಸ್ ಅವಧಿಯ ವೇತನ ಬೇರೆ ಬೇರೆ ಸಾಲಲ್ಲಿ ಇದೆಯಾ ನೋಡಿ, ಆಮೇಲೆ ಸಹಿ ಹಾಕಿ.