ಊರುಗಳ ಪಟ್ಟಿ ಅಂಟಿಸಿದರೆ ಗೂಗಲ್‌ನಲ್ಲಿ ಮೇಲೆ ಬರಲ್ಲ

ಯಾವುದಾದರೂ ಸಣ್ಣ ಅಂಗಡಿಯ ವೆಬ್‌ಸೈಟ್ ತೆರೆದು ಕೆಳಗಿನ ತನಕ ಹೋಗಿ ನೋಡಿ. ತುಂಬಾ ಕಡೆ ಕೊನೆಯಲ್ಲಿ ಒಂದು ಪ್ಯಾರಾ ಇರುತ್ತದೆ: ನಾವು ಈ ಬಡಾವಣೆ, ಆ ಬಡಾವಣೆ, ಪಕ್ಕದ ಊರು, ಅದರ ಪಕ್ಕದ ಊರು ಎಲ್ಲ ಕಡೆ ಸೇವೆ ಕೊಡುತ್ತೇವೆ ಅಂತ ಮೂವತ್ತು ನಲವತ್ತು ಹೆಸರು, ನಡುವೆ ಬರೀ ಕಾಮಾ. ಅದನ್ನು ಯಾರೂ ಓದಲ್ಲ. ಹಾಕಿದವರೂ ಓದಿರಲ್ಲ. ಹುಡುಕಿದಾಗ ಸಿಗಲಿ ಅಂತ ಸುಮ್ನೆ ತುರುಕಿದ್ದು, ಅಲ್ವಾ? ತಮಾಷೆ ಏನೆಂದರೆ, ಗೂಗಲ್ ತನ್ನ ಸ್ಪ್ಯಾಮ್ ನಿಯಮಗಳಲ್ಲಿ "ಕೀವರ್ಡ್ ತುರುಕುವುದು ಅಂದರೆ ಇದು" ಅಂತ ಕೊಟ್ಟಿರುವ ಉದಾಹರಣೆಗಳಲ್ಲಿ ಇದೂ ಒಂದು. ಊರು, ಪ್ರದೇಶಗಳ ಹೆಸರನ್ನು ಗುಡ್ಡೆ ಹಾಕುವುದು.

ಹಾಗಂತ ಏರಿಯಾ ಹೆಸರೇ ಬೇಡ ಅಂತ ನಾನು ಹೇಳುತ್ತಿಲ್ಲ. ಬೇಕು, ಖಂಡಿತ ಬೇಕು. ಆದರೆ ನನ್ನದೊಂದು ಸರಳ ಪರೀಕ್ಷೆ ಇದೆ. ವಾಕ್ಯದಿಂದ ಆ ಹೆಸರನ್ನು ತೆಗೆದು ಓದಿ. ಓದುಗನಿಗೆ ಏನಾದರೂ ಮಾಹಿತಿ ಕಡಿಮೆಯಾಯಿತಾ? ಆಗಿದ್ದರೆ ಹೆಸರು ಇರಲಿ. ಏನೂ ಕಡಿಮೆಯಾಗದಿದ್ದರೆ ಆ ಹೆಸರಿಗೆ ಅಲ್ಲಿ ಕೆಲಸವಿಲ್ಲ, ತೆಗೆದುಹಾಕಿ.

ಇದಕ್ಕೆ ಮೊದಲು ಒಂದು ವಿಷಯ ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ ಮಾಡಿದ್ದೆಲ್ಲ ವ್ಯರ್ಥ ಅನ್ನಿಸುತ್ತದೆ. "ವಾಷಿಂಗ್ ಮೆಷಿನ್ ರಿಪೇರಿ" ಅಂತ ಯಾರೋ ಹುಡುಕಿದಾಗ ಸಾಮಾನ್ಯವಾಗಿ ಎರಡು ಥರದ ಉತ್ತರ ಬರುತ್ತದೆ. ಮೇಲೆ ಮ್ಯಾಪ್, ಅದರ ಜೊತೆ ಕೆಲವು ಅಂಗಡಿಗಳು. ಅದರ ಕೆಳಗೆ ಮಾಮೂಲಿ ಲಿಂಕ್‌ಗಳು. ಮ್ಯಾಪ್‌ನ ಲೆಕ್ಕಕ್ಕೆ ಗೂಗಲ್ ಹೇಳುವ ಅಂಶ ಮೂರು: ಹುಡುಕಿದ್ದಕ್ಕೂ ನಿಮ್ಮ ಕೆಲಸಕ್ಕೂ ಎಷ್ಟು ಹೊಂದಾಣಿಕೆ, ಹುಡುಕುವವರಿಂದ ನೀವೆಷ್ಟು ದೂರ, ನಿಮ್ಮ ಅಂಗಡಿ ಎಷ್ಟು ಹೆಸರುವಾಸಿ. ಈ ದೂರವನ್ನು ಎಂಥ ಬರಹಗಾರನೂ ಕಡಿಮೆ ಮಾಡಲಾರ. ಆರು ಕಿಲೋಮೀಟರ್ ಆಚೆಯ ಬಡಾವಣೆಯ ಬಗ್ಗೆ ಎಷ್ಟೇ ಚೆನ್ನಾಗಿ ಬರೆದರೂ, ಆ ಬಡಾವಣೆಯಲ್ಲೇ ಇರುವ ರಿಪೇರಿ ಅಂಗಡಿ ಮ್ಯಾಪ್‌ನಲ್ಲಿ ನಿಮಗಿಂತ ಮೇಲಿದ್ದರೆ ಆಶ್ಚರ್ಯ ಪಡಬೇಡಿ. ಬರಹದಿಂದ ನೇರವಾಗಿ ಏನಾದರೂ ಸಿಗುವುದು ಕೆಳಗಿನ ಲಿಂಕ್‌ಗಳಲ್ಲಿ. ಅದರಲ್ಲೂ "ಮೆಷಿನ್‌ಗೆ ನೀರು ತುಂಬುತ್ತಿಲ್ಲ" ಥರದ ಹುಡುಕಾಟಕ್ಕೆ ಎಷ್ಟೋ ಸಲ ಮ್ಯಾಪ್ ಬರುವುದೇ ಇಲ್ಲ. ಸಣ್ಣ ಅಂಗಡಿಗೆ ಜಾಗ ಇರುವುದು ಅಲ್ಲಿ.

ಈಗ ವಾಷಿಂಗ್ ಮೆಷಿನ್ ರಿಪೇರಿ ಅಂಗಡಿಯನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಅಂಗಡಿಯವರು ಹೋಗುವ ಒಂದು ಏರಿಯಾಗೆ ಗುಡ್ಡದ ಬಡಾವಣೆ ಅಂತ ಹೆಸರಿಡೋಣ, ಸುಮ್ನೆ ಮಾತಿಗೆ.

ಎಲ್ಲರೂ ಬರೆಯುವ ವಾಕ್ಯ ಇದು: "ಗುಡ್ಡದ ಬಡಾವಣೆಯಲ್ಲಿ ಉತ್ತಮ ವಾಷಿಂಗ್ ಮೆಷಿನ್ ರಿಪೇರಿ ಬೇಕೇ? ಗುಡ್ಡದ ಬಡಾವಣೆಯ ನಂಬಿಕಸ್ಥ ವಾಷಿಂಗ್ ಮೆಷಿನ್ ರಿಪೇರಿ ತಂಡ ನಮ್ಮದು." ಹೆಸರು ತೆಗೆದು ಬೇರೆ ಊರು ಹಾಕಿ, ಹಾಗೇ ಕೂರುತ್ತದೆ. ಅಂದರೆ ಈ ವಾಕ್ಯಕ್ಕೆ ಆ ಬಡಾವಣೆಯ ಬಗ್ಗೆ ಏನೂ ಗೊತ್ತಿಲ್ಲ.

ಹಾಗಾದರೆ ಬರೆಯಲು ವಿಷಯ ಎಲ್ಲಿ ಸಿಗುತ್ತದೆ? ಪ್ರತಿ ರಿಪೇರಿಯ ವಿಳಾಸ, ದೂರು ಬರೆದಿಡುವ ಅಂಗಡಿಯ ಜಾಬ್ ಕಾರ್ಡ್‌ಗಳಲ್ಲಿ. ಕಳೆದ ಕೆಲವು ತಿಂಗಳ ಕಾರ್ಡ್‌ಗಳನ್ನು ಏರಿಯಾ ಪ್ರಕಾರ ಬೇರೆ ಬೇರೆ ಮಾಡಿ, ಪ್ರತಿ ಗುಂಪಿನಲ್ಲಿ ಯಾವ ದೂರು ಮತ್ತೆ ಮತ್ತೆ ಬಂದಿದೆ ನೋಡಿ. ಗುಡ್ಡದ ಬಡಾವಣೆಯ ಗುಂಪಿನಲ್ಲಿ "ನೀರು ತುಂಬುತ್ತಿಲ್ಲ" ಅನ್ನುವುದೇ ಜಾಸ್ತಿ, ಅದೂ ಹೆಚ್ಚಾಗಿ ಮೇಲಿನ ಮಹಡಿಯವರದ್ದು ಅಂತ ಕಂಡಿತು ಅಂದುಕೊಳ್ಳಿ. ಬರಹ ಅಲ್ಲೇ ಇದೆ.

ಕಾರಣ ಸರಳ. ನೀರಿನ ಒತ್ತಡ ಬರುವುದು ಟ್ಯಾಂಕಿನ ಎತ್ತರದಿಂದ. ಹತ್ತು ಮೀಟರ್ ಎತ್ತರಕ್ಕೆ ಸುಮಾರು 1 ಬಾರ್. ಕೊನೆಯ ಮಹಡಿಯ ಮನೆಗೆ ಟ್ಯಾಂಕ್ ತಲೆಯ ಮೇಲೇ ಇರುತ್ತದೆ, ಸಿಗುವ ಎತ್ತರ ಎರಡು ಮೂರು ಮೀಟರ್. ಅಂದರೆ 0.2 ಅಥವಾ 0.3 ಬಾರ್. ಎಷ್ಟೋ ಮೆಷಿನ್‌ಗಳ ಕೈಪಿಡಿಯಲ್ಲಿ ಕನಿಷ್ಠ 0.5 ಬಾರ್ ಬೇಕು ಅಂತಿರುತ್ತದೆ, ಕೆಲವಕ್ಕೆ 1 ಬಾರ್. ನೀರು ಸಣ್ಣಗೆ ಬರುತ್ತದೆ, ಮೆಷಿನ್ ಕಾಯುತ್ತದೆ, ಕಾದು ಕಾದು ನಿಲ್ಲುತ್ತದೆ. ಕೆಲವು ಮೆಷಿನ್‌ಗಳ ಡಿಸ್‌ಪ್ಲೇಯಲ್ಲಿ IE ಅಂತ ಬರುತ್ತದೆ, ನೀರು ಸರಿಯಾಗಿ ಬರುತ್ತಿಲ್ಲ ಅನ್ನುವ ಕೋಡ್ ಅದು. ಮೆಷಿನ್ ಕೆಟ್ಟಿದೆ ಅಂತ ಜನ ಫೋನ್ ಮಾಡುತ್ತಾರೆ. ಅದಕ್ಕೆ ಏನೂ ಆಗಿರುವುದಿಲ್ಲ.

ಈಗ ವಾಕ್ಯ ತಾನಾಗೇ ಬರುತ್ತದೆ ನೋಡಿ. "ಗುಡ್ಡದ ಬಡಾವಣೆಯ ನಾಲ್ಕು ಮಹಡಿ ಕಟ್ಟಡಗಳಲ್ಲಿ ಈ ಫೋನ್ ಬರುವುದು ಹೆಚ್ಚಾಗಿ ಮೇಲಿನ ಮನೆಗಳಿಂದಲೇ. ಅಲ್ಲಿ ಟ್ಯಾಂಕುಗಳನ್ನು ಚಾವಣಿಯ ಮೇಲೆ ಗಿಡ್ಡ ಕಟ್ಟೆ ಕಟ್ಟಿ ಇಟ್ಟಿದ್ದಾರೆ. ನಮ್ಮನ್ನು ಕರೆಯುವ ಮೊದಲು ನಲ್ಲಿ ಮುಚ್ಚಿ, ಮೆಷಿನ್ ಹಿಂದಿನ ಪೈಪ್ ಬಿಚ್ಚಿ, ಒಳಗಿರುವ ಸಣ್ಣ ಜಾಲರಿಯನ್ನು ಇಕ್ಕಳದಲ್ಲಿ ಎಳೆದು ತೊಳೆಯಿರಿ. ಆಮೇಲೂ ನೀರು ಸಣ್ಣಗೇ ಬಂದರೆ ತೊಂದರೆ ಹೆಚ್ಚಾಗಿ ಒತ್ತಡದ್ದು. ಅದಕ್ಕೆ ಬೂಸ್ಟರ್ ಪಂಪ್ ಬೇಕಾಗಬಹುದು." ಇಲ್ಲಿ ಬಡಾವಣೆಯ ಹೆಸರು ತೆಗೆದರೆ ವಾಕ್ಯ ಕುಂಟುತ್ತದೆ. ಯಾವ ಕಟ್ಟಡ, ಎಲ್ಲಿಯ ಟ್ಯಾಂಕ್ ಅಂತ ಓದುವವನೇ ಕೇಳುತ್ತಾನೆ.

ಹೆಸರು ಎಷ್ಟು ಸಲ ಬರಬೇಕು ಅಂತ ಲೆಕ್ಕ ಕೇಳುವವರಿದ್ದಾರೆ. ಲೆಕ್ಕ ಇಲ್ಲ. ಇಂಥ ಬರಹದಲ್ಲಿ ಶೀರ್ಷಿಕೆಯಲ್ಲಿ ಒಂದು ಸಲ ಬರುತ್ತದೆ, ಕಾರಣ ಹೇಳುವಾಗ ಒಂದು ಸಲ, ಆ ಜಾಲರಿಯ ಫೋಟೋ ಹಾಕಿದರೆ ಅದರ ಕೆಳಗೆ ಒಂದು ಸಲ, ಕೊನೆಗೆ ಆ ಕಡೆಗೆ ಯಾವ ದಿನ ಹೋಗುತ್ತೀರಿ ಅಂತ ಹೇಳುವಾಗ ಇನ್ನೊಂದು ಸಲ. ಅಷ್ಟು ಸಾಕು. ಮಿಕ್ಕ ಕಡೆ "ಅಲ್ಲಿ", "ಆ ಕಡೆ" ಅಂತ ಬರೆಯಿರಿ, ಮನುಷ್ಯರು ಮಾತಾಡುವುದು ಹಾಗೇ ತಾನೇ. "ನನ್ನ ಹತ್ತಿರದ ರಿಪೇರಿ" ಅನ್ನುವ ಪದವನ್ನಂತೂ ಬರಹದೊಳಗೆ ಹಾಕಲೇಬೇಡಿ. ಹಾಗೆ ಹುಡುಕುವವರು ಎಲ್ಲಿದ್ದಾರೆ ಅಂತ ಗೂಗಲ್ ಅವರ ಫೋನಿನಿಂದಲೇ ತಿಳಿದುಕೊಳ್ಳುತ್ತದೆ. ನಿಮ್ಮ ಸೈಟಿನಲ್ಲಿ ಅದನ್ನು ಬರೆದರೆ ಓದುವವರಿಗೆ ನಗು ಬರುತ್ತದೆ ಅಷ್ಟೇ.

ಹೆಸರನ್ನು ಹೇಗೆ ಬರೆಯಬೇಕು ಅನ್ನುವುದು ಇದಕ್ಕಿಂತ ಮುಖ್ಯ. ದಾಖಲೆಯಲ್ಲಿರುವ ಹೆಸರು ಒಂದಿರುತ್ತದೆ, ಜನ ಕರೆಯುವುದು ಇನ್ನೊಂದು. ಫೋನಿನಲ್ಲಿ ಗಿರಾಕಿ ವಿಳಾಸ ಹೇಳುವಾಗ ಗಮನಿಸಿ: ಬಡಾವಣೆಯ ಪೂರ್ತಿ ಹೆಸರು ಹೇಳುತ್ತಾರಾ, ಮೊಟಕು ಮಾಡುತ್ತಾರಾ, ಅಥವಾ ಅಲ್ಲಿನ ದೊಡ್ಡ ಕಟ್ಟಡದ ಹೆಸರು ಹೇಳಿ "ಅದರ ಹಿಂದೆ" ಅನ್ನುತ್ತಾರಾ? ಬಾಯಲ್ಲಿ ಹೇಳುವ ಹೆಸರನ್ನೇ ಸರ್ಚ್‌ನಲ್ಲೂ ಟೈಪ್ ಮಾಡುವ ಸಾಧ್ಯತೆ ಜಾಸ್ತಿ.

ಇನ್ನೊಂದು ಚಾಳಿ ಇದೆ, ನನಗೆ ಇದು ಕಂಡರೇ ಆಗಲ್ಲ. ಒಂದು ಪೇಜ್ ಬರೆದು, ಊರಿನ ಹೆಸರು ಮಾತ್ರ ಬದಲಿಸಿ ಹನ್ನೆರಡು ಪೇಜ್ ಮಾಡುವುದು. "ವೆಬ್‌ಸೈಟ್ ಮಾಡಿಕೊಡ್ತೀವಿ" ಅನ್ನುವವರು ಇದನ್ನು ಪ್ಯಾಕೇಜ್ ಮಾಡಿ ಮಾರುತ್ತಾರೆ. ಬೇರೆ ಬೇರೆ ಊರಿನ ಹೆಸರಲ್ಲಿ ಪೇಜ್ ಮಾಡಿ ಎಲ್ಲರನ್ನೂ ಒಂದೇ ಕಡೆಗೆ ತಳ್ಳುವುದನ್ನು ಗೂಗಲ್ ಡೋರ್‌ವೇ ಪೇಜ್ ಅನ್ನುತ್ತದೆ. ಅದೂ ಸ್ಪ್ಯಾಮ್ ಪಟ್ಟಿಯಲ್ಲೇ ಇದೆ, 2015ರಲ್ಲಿ ಇದಕ್ಕೆಂದೇ ಒಂದು ಅಪ್‌ಡೇಟ್ ತಂದಿದ್ದರು. ದೊಡ್ಡ ಶಿಕ್ಷೆ ಬಂದೇ ಬರುತ್ತದೆ ಅಂತ ಅಲ್ಲ. ಎಷ್ಟೋ ಸಲ ಆಗುವುದು ಇಷ್ಟೇ, ಆ ಪೇಜ್‌ಗಳನ್ನು ಗೂಗಲ್ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ನಿಮ್ಮ ಸೈಟಿಗೆ ಹೀಗಾಗಿದೆಯಾ ಅಂತ ನೋಡಬೇಕಾ? ನಿಮ್ಮ ಸೈಟ್ ಗೂಗಲ್‌ನಲ್ಲಿ ಹೇಗೆ ಕಾಣುತ್ತಿದೆ ಅಂತ ತೋರಿಸುವ ಗೂಗಲ್‌ನದೇ ಸಾಧನ ಸರ್ಚ್ ಕನ್ಸೋಲ್, ಅದರಲ್ಲಿ Pages ರಿಪೋರ್ಟ್ ತೆರೆಯಿರಿ. ಆ ಊರಿನ ಪೇಜ್‌ಗಳು Crawled - currently not indexed ಅಥವಾ Duplicate, Google chose different canonical than user ಅನ್ನುವ ಸಾಲಿನ ಕೆಳಗೆ ಕೂತಿದ್ದರೆ ಅರ್ಥ ಮಾಡಿಕೊಳ್ಳಿ. ಮೊದಲನೆಯದು, ಬಂದು ನೋಡಿದೆ, ಸದ್ಯಕ್ಕೆ ಸೇರಿಸಿಕೊಂಡಿಲ್ಲ ಅಂತ. ಎರಡನೆಯದು, ಇದೂ ಇನ್ನೊಂದೂ ಒಂದೇ, ಆ ಇನ್ನೊಂದು ಸಾಕು ಅಂತ. ಮೊದಲನೆಯದಕ್ಕೆ ಬೇರೆ ಕಾರಣವೂ ಇರಬಹುದು, ಆದರೆ ಹನ್ನೆರಡೂ ಒಟ್ಟಿಗೆ ಅಲ್ಲಿದ್ದರೆ ಅನುಮಾನ ಪಡಬೇಕಾದ್ದು ಇದನ್ನೇ. ಆ ಹನ್ನೆರಡನ್ನು ತೆಗೆದು ಜಾಬ್ ಕಾರ್ಡ್‌ನಿಂದ ಹುಟ್ಟಿದ ಎರಡು ಬರಹ ಹಾಕುವುದು ಎಷ್ಟೋ ವಾಸಿ.

ಬರೆದಿದ್ದು ಕೆಲಸ ಮಾಡುತ್ತಿದೆಯಾ ಅಂತ ನೋಡುವುದೂ ಸರ್ಚ್ ಕನ್ಸೋಲ್‌ನಲ್ಲೇ. Performance ಒಳಗೆ ಆ ಒಂದು ಬರಹದ ವಿಳಾಸವನ್ನು ಫಿಲ್ಟರ್ ಮಾಡಿ, ಯಾವ ಯಾವ ಪದಗಳಿಗೆ ಅದು ಕಾಣಿಸಿಕೊಂಡಿದೆ ನೋಡಿ. ಬಡಾವಣೆಯ ಹೆಸರಿರುವ ಹುಡುಕಾಟ ಒಂದೂ ಕಾಣದಿದ್ದರೆ ತಕ್ಷಣ ಬೇಜಾರಾಗಬೇಡಿ. ತೀರಾ ಕಡಿಮೆ ಜನ ಹುಡುಕುವ ಪದಗಳನ್ನು ಗೂಗಲ್ ಖಾಸಗಿತನದ ಕಾರಣಕ್ಕೆ ತೋರಿಸುವುದೇ ಇಲ್ಲ, ಸಣ್ಣ ಬಡಾವಣೆಯ ಹೆಸರುಗಳು ಅದರಲ್ಲಿ ಸುಲಭವಾಗಿ ಸೇರಿಹೋಗುತ್ತವೆ. ಇನ್ನೊಂದು ಕಡೆ, IE ಬಗ್ಗೆ ಬರೆದದ್ದನ್ನು ಎಲ್ಲೋ ದೂರದ ಊರಿನವರು ಓದಿ ಕ್ಲಿಕ್ ಜಾಸ್ತಿಯಾದರೆ ಹಿಗ್ಗಬೇಡಿ. ಅವರು ನಿಮ್ಮ ಗಿರಾಕಿ ಆಗಲ್ಲ. ಏರಿಯಾ ಹೆಸರಿನ ನಿಜವಾದ ಉಪಯೋಗ ಇಲ್ಲೇ ಇದೆ: ಓದುತ್ತಿರುವವರಲ್ಲಿ ಆ ಬಡಾವಣೆಯವರಿಗೆ "ಓ, ಇವರು ನಮ್ಮ ಮನೆಗೆ ಬರುತ್ತಾರೆ" ಅಂತ ಗೊತ್ತಾಗುತ್ತದೆ. ಅದನ್ನು ಅಳೆಯಲು ಒಂದೇ ದಾರಿ. ಫೋನ್ ಬಂದಾಗ ಎಲ್ಲಿ ನೋಡಿದಿರಿ ಅಂತ ಕೇಳಿ ಜಾಬ್ ಕಾರ್ಡ್‌ನಲ್ಲೇ ಬರೆದುಕೊಳ್ಳುವುದು.

ಮ್ಯಾಪ್‌ನಲ್ಲಿ ಅಂಗಡಿಯ ವಿವರ ತೋರಿಸುವ ಗೂಗಲ್ ಬಿಸಿನೆಸ್ ಪ್ರೊಫೈಲ್‌ನಲ್ಲೂ ಸೇವೆಯ ಏರಿಯಾ ಹಾಕಬಹುದು, ಹೆಚ್ಚೆಂದರೆ 20. ಒಟ್ಟು ವ್ಯಾಪ್ತಿ ಅಂಗಡಿಯಿಂದ ಸುಮಾರು ಎರಡು ಗಂಟೆಯ ಡ್ರೈವ್ ದಾಟಬಾರದು ಅಂತ ಅವರ ಮಾತು. ಗಿರಾಕಿಗಳು ಅಂಗಡಿಗೆ ಬರುವುದಿಲ್ಲ, ಮನೆಯಿಂದಲೇ ನಿಮ್ಮ ಕೆಲಸ ಅಂದರೆ ವಿಳಾಸ ತೋರಿಸಬೇಡಿ, ಏರಿಯಾ ಮಾತ್ರ ಇರಲಿ. ಅಂಗಡಿಯೂ ಇದೆ, ಮನೆಗೂ ಹೋಗುತ್ತೀರಿ ಅಂದರೆ ಎರಡೂ ಇರಲಿ. ಅಂಗಡಿಯ ಹೆಸರಿಗೆ ಮಾತ್ರ ಬಡಾವಣೆಯ ಹೆಸರು ಅಂಟಿಸಬೇಡಿ. ಬೋರ್ಡ್‌ನಲ್ಲಿ ಇಲ್ಲದ್ದನ್ನು ಪ್ರೊಫೈಲ್ ಹೆಸರಿಗೆ ಸೇರಿಸುವುದು ನಿಯಮಕ್ಕೆ ವಿರುದ್ಧ, ಯಾರಾದರೂ ದೂರು ಕೊಟ್ಟರೆ ಪ್ರೊಫೈಲ್‌ಗೇ ಕುತ್ತು ಬರಬಹುದು.

ಹೋಗದ ಜಾಗಗಳ ಬಗ್ಗೆಯೂ ಬರೆಯಿರಿ ಅನ್ನುತ್ತೇನೆ ನಾನು. "ಬೈಪಾಸ್ ಆಚೆಗೆ ನಾವು ಮನೆಗೆ ಬರುವುದಿಲ್ಲ, ಆದರೆ ಮೆಷಿನ್ ಅಂಗಡಿಗೆ ತಂದುಕೊಟ್ಟರೆ ಮಾಡಿಕೊಡುತ್ತೇವೆ" ಅಂತ ಒಂದು ಸಾಲು. ಸುಮ್ನೆ ಬರುವ ಫೋನುಗಳು ಕಡಿಮೆಯಾಗುತ್ತವೆ, ಅಲ್ಲಿಂದ ತಂದುಕೊಡಲು ತಯಾರಿರುವವರು ಮಾತ್ರ ಕರೆ ಮಾಡುತ್ತಾರೆ. ಒಂದು ಏರಿಯಾಗೆ ಹೋಗುವುದನ್ನು ನಿಲ್ಲಿಸಿದಿರಿ ಅಂದುಕೊಳ್ಳಿ, ಆಗ ಪ್ರೊಫೈಲ್‌ನಿಂದ ತೆಗೆದರೆ ಮುಗಿಯಲ್ಲ. ಹಳೆಯ ಬರಹಗಳಲ್ಲಿ "ಆ ಕಡೆಗೆ ಇಂಥ ದಿನ ಬರುತ್ತೇವೆ" ಅಂತ ಎಲ್ಲೆಲ್ಲಿ ಇದೆಯೋ ಹುಡುಕಿ ಅದನ್ನೂ ತಿದ್ದಬೇಕು. ನೀರಿನ ಒತ್ತಡದ ಭಾಗ ಹಾಗೇ ಇರಲಿ, ಬದಲಾಗಿರುವುದು ನಿಮ್ಮ ಓಡಾಟ ಮಾತ್ರ.